ಲೈಟ್ ಬಿಲ್ 200 ಯೂನಿಟ್ ದಾಟಿದ ತಿಂಗಳು: ರೂಮ್‌ಮೇಟ್‌ಗಳ ಗ್ರೂಪಿನಲ್ಲಿ ಲೆಕ್ಕ ಹಾಕುವ ಬಗೆ

ವಿಜಯಪುರದಲ್ಲಿ ಬಾಡಿಗೆ ಮನೆ ಹಿಡಿದು ಮೂರು ನಾಲ್ಕು ಮಂದಿ ಕೂಡಿ ಇರುವವರಿಗೆ ಹತ್ತು ತಿಂಗಳು ರೊಕ್ಕದ ತಕರಾರು ಬರುವುದಿಲ್ಲ. ಗೃಹಜ್ಯೋತಿ ಇರುವುದರಿಂದ ಲೈಟ್ ಬಿಲ್ ಸೊನ್ನೆ ಇಲ್ಲವೇ ಹತ್ತಿಪ್ಪತ್ತು ರೂಪಾಯಿ. ವೈಫೈ, ಗ್ಯಾಸು ಎಲ್ಲ ಸಮಪಾಲು. ತಕರಾರು ಶುರುವಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಒಂದು ಕೋಣೆಯವರು ಎಸಿ ಹಾಕಿಸಿರುತ್ತಾರೆ, ಇನ್ನೊಂದು ಕೋಣೆಯವರು ಫ್ಯಾನಿನ ಕೆಳಗೆ ಒದ್ದೆ ಟವೆಲ್ ಹೊದ್ದು ಮಲಗಿರುತ್ತಾರೆ, ಬಿಲ್ ಮಾತ್ರ ಒಂದೇ ಮೀಟರಿನ ಮೇಲೆ 2,000 ರೂಪಾಯಿ ಬಂದಿರುತ್ತದೆ. ಆಗ ಯಾರೋ ಗ್ರೂಪಿನಲ್ಲಿ "ಒಬ್ಬೊಬ್ರು 500 ಹಾಕ್ರಿ" ಎಂದು ಬರೆಯುತ್ತಾರೆ. ಮೂರು ದಿನ ಯಾರೂ ಉತ್ತರ ಕೊಡುವುದಿಲ್ಲ.

ಆ ಒಂದು ಬಿಲ್ಲನ್ನು ಹಂಚುವ ಕ್ರಮ ಇಲ್ಲಿದೆ. ಅದು ಸರಿಯಾಗಿ ಬಗೆಹರಿದರೆ ಉಳಿದ ಬಿಲ್ಲುಗಳಿಗೆ ಹೆಚ್ಚು ಯೋಚಿಸಬೇಕಾಗಿಲ್ಲ.

ಭಾಗಿಸುವ ಮೊದಲು ಬಿಲ್ ಓದಿ

ಬಿಲ್ಲಿನ ಕೊನೆಯ ಸಾಲಿನ ಮೊತ್ತವನ್ನು ನೇರವಾಗಿ ತಲೆ ಎಣಿಸಿ ಭಾಗಿಸಬೇಡಿ. ಆ ಮೊತ್ತದಲ್ಲಿ ನಿಮ್ಮದಲ್ಲದ ರೊಕ್ಕವೂ ಸೇರಿರಬಹುದು. ಎರಡು ಸಾಲುಗಳನ್ನು ಮೊದಲು ಹುಡುಕಿ.

ಒಂದು, ಹಿಂದಿನ ಬಾಕಿ. ನೀವು ಮನೆಗೆ ಬಂದು ಒಂದೆರಡು ತಿಂಗಳಷ್ಟೇ ಆಗಿದ್ದರೆ ಇದು ಹಳೆಯ ಬಾಡಿಗೆದಾರರದ್ದಾಗಿರಬಹುದು. ಅದನ್ನು ಬೇರೆ ತೆಗೆದಿಟ್ಟು ಮಾಲಕರಿಗೆ ಫೋಟೊ ಕಳಿಸಿ.

ಎರಡು, ಹೆಚ್ಚುವರಿ ಭದ್ರತಾ ಠೇವಣಿ. ಹಿಂದಿನ ವರ್ಷದ ಬಳಕೆಯನ್ನು ನೋಡಿ ಹೆಸ್ಕಾಂ ಠೇವಣಿಯ ಮೊತ್ತವನ್ನು ಮರುಲೆಕ್ಕ ಹಾಕುತ್ತದೆ, ಕಡಿಮೆ ಬಿದ್ದಷ್ಟನ್ನು ಕೇಳುತ್ತದೆ. ಬೇಸಿಗೆಯ ಬಿಲ್ಲಿನ ಜೊತೆಗೇ ಇದು ಬಂದರೆ ಎಲ್ಲರೂ ಎಸಿಯನ್ನು ಬೈಯುತ್ತಾರೆ, ತಪ್ಪು ಎಸಿಯದ್ದಾಗಿರುವುದಿಲ್ಲ. ಈ ಠೇವಣಿ ಮೀಟರ್ ಯಾರ ಹೆಸರಿನಲ್ಲಿದೆಯೋ ಅವರ ಖಾತೆಯಲ್ಲೇ ಉಳಿಯುವ ರೊಕ್ಕ. ಹಾಗಾಗಿ ಇದನ್ನು ಬಾಡಿಗೆದಾರರ ನಡುವೆ ಹಂಚುವುದು ಸರಿಯಲ್ಲ. ತುರ್ತಿಗೆ ನೀವೇ ತುಂಬಿದರೂ ಮುಂದಿನ ಬಾಡಿಗೆಯಲ್ಲಿ ಹಿಡಿದುಕೊಳ್ಳುತ್ತೀರೆಂದು ಮಾಲಕರಿಗೆ ಬರಹದಲ್ಲೇ ತಿಳಿಸಿ.

ಇವೆರಡನ್ನು ತೆಗೆದ ಮೇಲೆ ಉಳಿಯುವುದು ನಿಜವಾದ ತಿಂಗಳ ಬಿಲ್. ಅದರಲ್ಲೂ ಎರಡು ತುಂಡುಗಳಿವೆ. ಒಂದು ನಿಗದಿತ ಶುಲ್ಕ. ಮಂಜೂರಾದ ಕಿಲೋವ್ಯಾಟ್ ಲೆಕ್ಕದಲ್ಲಿ ಬರುವ ಇದು ದೀಪ ಹಚ್ಚಿದರೂ ಹಚ್ಚದಿದ್ದರೂ ಅಷ್ಟೇ. ಇನ್ನೊಂದು ಯೂನಿಟ್ಟಿಗೆ ತಕ್ಕಂತೆ ಬೆಳೆಯುವ ಭಾಗ: ವಿದ್ಯುತ್ ಶುಲ್ಕ, ಅದರ ಮೇಲಿನ ತೆರಿಗೆ, ಪಿಂಚಣಿ ಮೇಲ್ತೆರಿಗೆ, ಇಂಧನ ವೆಚ್ಚದ ಹೊಂದಾಣಿಕೆ. 2024ರ ಏಪ್ರಿಲ್‌ನಿಂದ ಮನೆ ಬಳಕೆಗೆ ಸ್ಲ್ಯಾಬ್ ತೆಗೆದು ಎಲ್ಲ ಯೂನಿಟ್ಟಿಗೂ ಒಂದೇ ದರ ಮಾಡಿದ್ದು ನಮ್ಮಂಥ ಲೆಕ್ಕದವರಿಗೆ ದೊಡ್ಡ ಅನುಕೂಲ. ಮೊದಲಾಗಿದ್ದರೆ "ದುಬಾರಿ ಸ್ಲ್ಯಾಬಿಗೆ ಒಯ್ದವರು ಯಾರು" ಎಂಬ ಇನ್ನೊಂದು ಜಗಳ ಇರುತ್ತಿತ್ತು.

ಗೃಹಜ್ಯೋತಿಯ ಎರಡು ಗೆರೆಗಳು

ಬಿಲ್ಲಿನಲ್ಲಿ ನಿಮ್ಮ ಮನೆಯ ಅರ್ಹ ಯೂನಿಟ್ ಎಷ್ಟೆಂದು ನೋಡಿಕೊಳ್ಳಿ. ಸಾಮಾನ್ಯವಾಗಿ 2022–23ರಲ್ಲಿ ಆ ಮೀಟರಿನ ಸರಾಸರಿ ಬಳಕೆಗೆ ಶೇ 10 ಸೇರಿಸಿ ಬಂದ ಸಂಖ್ಯೆ ಅದು. ಅದರೊಳಗೆ ಇದ್ದರೆ ಬಿಲ್ ಸೊನ್ನೆ. ಅದನ್ನು ದಾಟಿ 200ರ ಒಳಗಿದ್ದರೆ ದಾಟಿದಷ್ಟು ಯೂನಿಟ್ಟಿಗೆ ಮಾತ್ರ ರೊಕ್ಕ. 200 ದಾಟಿದರೆ ಒಂದನೇ ಯೂನಿಟ್‌ನಿಂದ ಪೂರ್ತಿ ಬಿಲ್.

ಜಗಳ ಹುಟ್ಟುವುದು ಈ ಎರಡನೇ ಗೆರೆಯಲ್ಲಿ. 200ನೇ ಯೂನಿಟ್ಟಿಗೂ 201ನೇ ಯೂನಿಟ್ಟಿಗೂ ನಡುವೆ ಸಾವಿರ ರೂಪಾಯಿಗೂ ಹೆಚ್ಚಿನ ಅಂತರ ಬೀಳಬಹುದು. ಆ ಅಂತರ ಯಾರ ತಲೆಗೆ ಎಂಬ ಪ್ರಶ್ನೆಗೆ ಬಿಲ್ಲಿನಲ್ಲಿ ಉತ್ತರ ಇಲ್ಲ, ನೀವೇ ಒಪ್ಪಂದ ಮಾಡಿಕೊಳ್ಳಬೇಕು.

ಒಂದು ಬಿಲ್, ಮೂರು ಬಗೆಯ ಹಂಚಿಕೆ

ಉದಾಹರಣೆಗೆ ಜಲನಗರದ ಕಡೆ ಎರಡು ಕೋಣೆಯ ಮನೆ ಎಂದುಕೊಳ್ಳಿ. ಮುಂದಿನ ಕೋಣೆಯಲ್ಲಿ ಬಸು, ಸಲೀಂ. ಅಲ್ಲಿ ಎಸಿ ಇದೆ. ಹಿಂದಿನ ಕೋಣೆಯಲ್ಲಿ ಮಲ್ಲು, ವಿಠ್ಠಲ. ಅಲ್ಲಿ ಫ್ಯಾನ್ ಅಷ್ಟೇ. ಅರ್ಹ ಯೂನಿಟ್ 140. ಏಪ್ರಿಲ್ ಬಳಕೆ 236 ಯೂನಿಟ್, ಅದರಲ್ಲಿ ಎಸಿಯದ್ದು 92.

ಮಂಜೂರಾದ ಲೋಡ್ 3 ಕಿಲೋವ್ಯಾಟ್. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರ ಹಿಡಿದರೆ ನಿಗದಿತ ಶುಲ್ಕ ಕಿಲೋವ್ಯಾಟಿಗೆ 145ರಂತೆ 435 ರೂಪಾಯಿ. ಯೂನಿಟ್ಟಿಗೆ 5 ರೂ. 80 ಪೈಸೆ, ಅದರ ಮೇಲೆ ಶೇ 9 ತೆರಿಗೆ, ಪಿಂಚಣಿಯ 36 ಪೈಸೆ. ಮೂರೂ ಕೂಡಿ ಯೂನಿಟ್ಟಿಗೆ ಸುಮಾರು 6 ರೂ. 68 ಪೈಸೆ. 236 ಯೂನಿಟ್ಟಿಗೆ 1,577. ಒಟ್ಟು 2,012 ರೂಪಾಯಿ. ಇಂಧನ ವೆಚ್ಚದ ಹೊಂದಾಣಿಕೆ ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ ಇಲ್ಲಿ ಸೊನ್ನೆ ಹಿಡಿದಿದೆ. ನಿಮ್ಮ ಬಿಲ್ಲಿನಲ್ಲಿ ಇದ್ದರೆ ಯೂನಿಟ್ ಭಾಗಕ್ಕೆ ಸೇರಿಸಿ. ದರ ಬದಲಾಗಿದ್ದರೂ ವಿಧಾನ ಒಂದೇ: ಒಟ್ಟು ಬಿಲ್ಲಿನಲ್ಲಿ ನಿಗದಿತ ಶುಲ್ಕ ಕಳೆದು, ಉಳಿದದ್ದನ್ನು ಯೂನಿಟ್ಟಿನಿಂದ ಭಾಗಿಸಿದರೆ ನಿಮ್ಮ ನಿಜವಾದ ಯೂನಿಟ್ ದರ ಸಿಗುತ್ತದೆ.

ಮೊದಲನೆಯ ಬಗೆ, ಸಮಪಾಲು. ಒಬ್ಬೊಬ್ಬರಿಗೆ 503. ಹಿಂದಿನ ಕೋಣೆಯವರು ಬಾಯಿಬಿಟ್ಟು ಹೇಳದಿದ್ದರೂ ಒಪ್ಪುವುದಿಲ್ಲ. ಎಸಿ ಇಲ್ಲದಿದ್ದರೆ ಮನೆಯ ಬಳಕೆ 144 ಯೂನಿಟ್, ಅಂದರೆ ಅರ್ಹ ಮಿತಿ ದಾಟಿದ 4 ಯೂನಿಟ್ಟಿಗೆ ಸುಮಾರು 27 ರೂಪಾಯಿ, ತಲೆಗೆ 7 ರೂಪಾಯಿ ಆಗುತ್ತಿತ್ತು.

ಎರಡನೆಯ ಬಗೆ, ಯೂನಿಟ್ ಲೆಕ್ಕ. ಎಸಿಯ 92 ಯೂನಿಟ್ಟಿಗೆ 615 ರೂಪಾಯಿ ಮುಂದಿನ ಕೋಣೆಯ ಇಬ್ಬರಿಗೆ. ಉಳಿದ 1,397 ನಾಲ್ವರಿಗೆ. ಬಸು, ಸಲೀಂ ತಲಾ 657. ಮಲ್ಲು, ವಿಠ್ಠಲ ತಲಾ 349.

ಮೂರನೆಯ ಬಗೆ, ರಿಯಾಯಿತಿ ತಪ್ಪಿದ ನಷ್ಟವನ್ನೂ ಎಸಿಗೇ ಹಾಕುವುದು. ಎಸಿ ಇಲ್ಲದಿದ್ದರೆ ಬರುತ್ತಿದ್ದ 27 ರೂಪಾಯಿ ಮಾತ್ರ ನಾಲ್ವರಿಗೆ, ಉಳಿದ 1,985 ಪೂರ್ತಿ ಮುಂದಿನ ಕೋಣೆಗೆ. ಬಸು, ಸಲೀಂ ತಲಾ ಸುಮಾರು 999. ಹಿಂದಿನವರು ತಲಾ 7.

ನ್ಯಾಯ ಯಾವುದು? ಎಸಿ ಒಂದೇ ಕೋಣೆಯ ಸುಖವಾಗಿದ್ದು, ಅದು ಬರುವ ಮೊದಲೇ ಮನೆಯವರು ಕೂಡಿ ಮಾತಾಡಿದ್ದರೆ ಮೂರನೆಯದೇ ಸರಿ. ರಿಯಾಯಿತಿ ಇಡೀ ಮನೆಯದ್ದು, ಅದನ್ನು ಒಬ್ಬರ ಉಪಕರಣ ಕಳೆದರೆ ಅವರೇ ಭರಿಸಬೇಕು. ಆದರೆ ಮೊದಲೇ ಮಾತಾಡಿರದಿದ್ದರೆ ಬಿಲ್ ಬಂದ ಮೇಲೆ ಆ ನಿಯಮ ಹೊಸದಾಗಿ ಹೇರಬಾರದು. ಎಸಿಯವರಿಗೆ 200ರ ಗೆರೆ ಗೊತ್ತೇ ಇಲ್ಲದಿರಬಹುದು. ಗೊತ್ತಿದ್ದರೆ ರಾತ್ರಿ ಎರಡು ತಾಸು ಮೊದಲೇ ಬಂದ್ ಮಾಡುತ್ತಿದ್ದರೇನೋ. ಹಾಗಾಗಿ ಮೊದಲ ಸಲ ದಾಟಿದ ತಿಂಗಳಿಗೆ ಎರಡನೆಯ ಬಗೆ, ಮುಂದಿನ ತಿಂಗಳಿಂದ ಮೂರನೆಯದು ಎಂದು ಗ್ರೂಪಿನಲ್ಲಿ ಬರೆದಿಟ್ಟರೆ ಎರಡೂ ಕೋಣೆಯವರು ಒಪ್ಪುತ್ತಾರೆ. ಎಸಿ ಪಡಸಾಲೆಯಲ್ಲಿದ್ದು ನಾಲ್ವರೂ ಅಲ್ಲೇ ಮಲಗುತ್ತಿದ್ದರೆ ಈ ಲೆಕ್ಕವೇ ಬೇಡ, ಸಮಪಾಲು ಸಾಕು.

ಎಸಿಯ ಯೂನಿಟ್ ಗೊತ್ತುಮಾಡಿಕೊಳ್ಳುವುದು

ಎಸಿ ಹಚ್ಚಿದ ಸಾಕೆಟ್ಟಿಗೆ 16 ಆಂಪಿಯರಿನ ಪ್ಲಗ್ ಮೀಟರ್ ಹಾಕಿದರೆ ಯಾವ ಅನುಮಾನವೂ ಉಳಿಯುವುದಿಲ್ಲ. 6 ಆಂಪಿಯರಿನ ಸಣ್ಣ ಪ್ಲಗ್ ಮೀಟರನ್ನು ಎಸಿಗೆ ಹಾಕಲೇಬೇಡಿ, ಕಾದು ಕರಗುತ್ತದೆ. ಎಸಿಗೆ ಪ್ಲಗ್ ಇಲ್ಲದೆ ನೇರ ವೈರಿಂಗ್ ಇದ್ದರೆ ಆ ಲೈನಿಗೆ ಸಣ್ಣ ಸಬ್ ಮೀಟರ್ ಕೂಡಿಸಬೇಕು. ಅದಕ್ಕೆ ಎಲೆಕ್ಟ್ರಿಷಿಯನ್ ಬೇಕು, ಮಾಲಕರ ಒಪ್ಪಿಗೆಯೂ ಬೇಕು.

ಮೀಟರ್ ಇಲ್ಲದಿದ್ದರೆ ಎಸಿಯ ಸ್ಟಾರ್ ಚೀಟಿ ನೋಡಿ. ಅದರಲ್ಲಿ ವರ್ಷದ ಯೂನಿಟ್ ಬರೆದಿರುತ್ತದೆ, ಅದು 1,600 ತಾಸಿನ ಬಳಕೆಯ ಲೆಕ್ಕ. ಚೀಟಿಯಲ್ಲಿ 880 ಇದ್ದರೆ 1,600ರಿಂದ ಭಾಗಿಸಿ, ತಾಸಿಗೆ 0.55 ಯೂನಿಟ್. ರಾತ್ರಿ 6 ತಾಸಿನಂತೆ 25 ರಾತ್ರಿ ಓಡಿಸಿದರೆ 150 ತಾಸು, 82 ಯೂನಿಟ್ ಚಿಲ್ಲರೆ. ನಿಜವಾದ ಬಳಕೆ ಇದಕ್ಕಿಂತ ಹೆಚ್ಚೇ ಇರುತ್ತದೆ. ಚೀಟಿಯ ಲೆಕ್ಕ ಸಾಧಾರಣ ಸೆಕೆಗೂ ಸೇರಿದ ಸರಾಸರಿ. ನಮ್ಮಲ್ಲಿ ಮೇಲಿನ ಮಹಡಿಯ ಕೋಣೆಗಳ ಸ್ಲ್ಯಾಬು ರಾತ್ರಿ ಹನ್ನೊಂದಕ್ಕೂ ಕಾದಿರುತ್ತದೆ, ಕಂಪ್ರೆಸರ್ ಬಹಳ ಹೊತ್ತು ತಣ್ಣಗೆ ಕೂರುವುದಿಲ್ಲ. ಶೇ 10ರಿಂದ 15 ಕೂಡಿಸಿಕೊಂಡರೆ ಹತ್ತಿರ ಬರುತ್ತದೆ.

ಕೂಲರಿಗೆ ಇಷ್ಟೆಲ್ಲ ಬೇಕಾಗಿಲ್ಲ. 180 ವ್ಯಾಟಿನ ಕೂಲರ್ ಐದೂವರೆ ತಾಸಿಗೆ ಒಂದು ಯೂನಿಟ್ ತಿನ್ನುತ್ತದೆ. ಲ್ಯಾಪ್‌ಟಾಪು, ಮೊಬೈಲ್ ಚಾರ್ಜಿಂಗ್ ಎಣಿಸುವವರೂ ಇದ್ದಾರೆ, ಅವರ ಜೊತೆ ಮನೆ ಮಾಡುವುದು ಕಷ್ಟ.

ತಿಂಗಳ ನಡುವೆ ಒಂದು ಫೋಟೊ

ಬಿಲ್ಲಿನ ತಿಂಗಳು ಕ್ಯಾಲೆಂಡರಿನ ತಿಂಗಳಲ್ಲ. ರೀಡರ್ ಬಂದ ದಿನದಿಂದ ಮುಂದಿನ ಸಲ ಬರುವ ದಿನದವರೆಗೆ. ಹಿಂದಿನ ರೀಡಿಂಗ್ ತಾರೀಖನ್ನು ಬಿಲ್ಲಿನಲ್ಲಿ ನೋಡಿ, ಅದರಿಂದ 15ನೇ ದಿನ ಮೀಟರಿನ ಫೋಟೊ ತೆಗೆದು ಗ್ರೂಪಿಗೆ ಹಾಕಿ. ಮೀಟರಿನ ಪರದೆಯಲ್ಲಿ ಸಂಖ್ಯೆಗಳು ಒಂದಾದ ಮೇಲೆ ಒಂದು ಬರುತ್ತಿರುತ್ತವೆ. ಪಕ್ಕದಲ್ಲಿ `kWh` ಎಂದು ಇರುವುದನ್ನೇ ಹಿಡಿಯಬೇಕು. `MD` ಎಂದಿರುವ ಸಂಖ್ಯೆ ಬೇರೆ, ಅದನ್ನು ಯೂನಿಟ್ ಎಂದು ತಿಳಿದು ಗಾಬರಿಯಾದವರಿದ್ದಾರೆ.

15 ದಿನಕ್ಕೆ 118 ಯೂನಿಟ್ ಆಗಿದ್ದರೆ ಉಳಿದ 15 ದಿನಕ್ಕೆ 82 ಉಳಿದಿದೆ, ದಿನಕ್ಕೆ ಐದೂವರೆ. ಆಗ ಸಂದೇಶ ಹೀಗಿದ್ದರೆ ಸಾಕು:

> ಮೀಟರ್ ಫೋಟೊ ಹಾಕೀನಿ. ಇಲ್ಲೀತನ 118 ಆಗೇತಿ. 200 ದಾಟಿದ್ರ ಪೂರ್ತಿ ಬಿಲ್ ಬರ್ತೈತಿ. ಇನ್ನ ದಿನಕ್ಕ ಐದೂವರಿ ಒಳಗ ಹಿಡೀಬೇಕು. ಎಸಿಗೆ ಟೈಮರ್ ಇಟ್ರ ಆಗಬಹುದು ನೋಡ್ರಿ.

ಇದರಲ್ಲಿ ಯಾರ ಹೆಸರೂ ಇಲ್ಲ, ಸಂಖ್ಯೆ ಅಷ್ಟೇ ಇದೆ. ಮೇಲಿನ ಉದಾಹರಣೆಯಲ್ಲಿ 200 ದಾಟಿದ್ದು 36 ಯೂನಿಟ್ಟಿನಿಂದ. ಎಸಿ ತಾಸಿಗೆ ಸುಮಾರು 0.6 ತಿಂದರೆ 36 ಯೂನಿಟ್ ಅಂದರೆ 60 ತಾಸು, 25 ರಾತ್ರಿಗೆ ಹಂಚಿದರೆ ರಾತ್ರಿಗೆ ಎರಡೂವರೆ ತಾಸಿನ ಒಳಗೆ. ಟೈಮರನ್ನು ನಸುಕಿನ ನಾಲ್ಕೂವರೆಯ ಬದಲು ಎರಡಕ್ಕೆ ಇಟ್ಟಿದ್ದರೆ ಬಿಲ್ 2,012ರ ಬದಲು 400ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು.

ಗ್ಯಾಸಿಗೆ ದಿನದ ಲೆಕ್ಕ, ವೈಫೈಗೆ ತಲೆ ಲೆಕ್ಕ

ವೈಫೈ ಊರಿಗೆ ಹೋದರೂ ಸಮಪಾಲು, ಇದರಲ್ಲಿ ಮಾತಿಲ್ಲ. ಲೈಟ್ ಬಿಲ್ಲನ್ನೂ ನಾಲ್ಕೆಂಟು ದಿನದ ಗೈರುಹಾಜರಿಗೆ ಕಡಿತ ಮಾಡಬೇಡಿ. ಫ್ರಿಜ್ಜು, ಕೋಣೆಯ ಫ್ಯಾನು ಒಬ್ಬರಿಲ್ಲದಿದ್ದರೂ ತಿರುಗುತ್ತಲೇ ಇರುತ್ತವೆ. 15 ದಿನಕ್ಕಿಂತ ಹೆಚ್ಚು ಇಲ್ಲದಿದ್ದರೆ ಯೂನಿಟ್ ಭಾಗದಲ್ಲಿ ಅರ್ಧ ಹಿಡಿಯಬಹುದು.

ಗ್ಯಾಸು ಹಾಗಲ್ಲ. ಇದ್ದು ಉಂಡವರಿಗೆ ಮಾತ್ರ ಖರ್ಚು. ಸಿಲಿಂಡರ್ ಹಚ್ಚಿದ ತಾರೀಖನ್ನು ಗ್ರೂಪಿನಲ್ಲಿ ಹಾಕಿ, ತೀರಿದ ತಾರೀಖನ್ನೂ ಹಾಕಿ. ಅದು 40 ದಿನ ಬಂತು, ವಿಠ್ಠಲ ಅದರಲ್ಲಿ 12 ದಿನ ಊರಿನಲ್ಲಿದ್ದ ಎಂದರೆ ಮೂವರದು 40ರಂತೆ 120, ಅವನದು 28, ಒಟ್ಟು 148 ಆಳು-ದಿನ. ಸಿಲಿಂಡರಿಗೆ ತಂದುಕೊಟ್ಟ ಕೂಲಿ ಸೇರಿ 888 ಆಗಿದ್ದರೆ ಆಳು-ದಿನಕ್ಕೆ 6 ರೂಪಾಯಿ. ಮೂವರಿಗೆ ತಲಾ 240, ವಿಠ್ಠಲನಿಗೆ 168.

ಒಂದೇ ಸಲ ತಾಳೆ ಹಾಕಿ

ಲೈಟ್ ಬಿಲ್ ಬಸು ತುಂಬಿದ, 2,012. ಗ್ಯಾಸು ಸಲೀಂ, 888. ವೈಫೈ ಮಲ್ಲು, 708. ಒಂದೊಂದು ಬಿಲ್ಲಿಗೂ ಬೇರೆ ಬೇರೆ ಕಳಿಸುತ್ತಾ ಹೋದರೆ ಒಂಬತ್ತು ಸಲ ಯುಪಿಐ ಮಾಡಬೇಕು, ಒಂಬತ್ತು ಸಲ "ಬಂತಾ?" ಕೇಳಬೇಕು. ಮೂರನ್ನೂ ಕೂಡಿಸಿ, ಪ್ರತಿಯೊಬ್ಬರೂ ತುಂಬಿದ್ದರಲ್ಲಿ ಅವರ ಪಾಲು ಕಳೆದರೆ ಕೊಡಬೇಕಾದದ್ದು, ಬರಬೇಕಾದದ್ದು ಒಂದೇ ಸಾಲಿಗೆ ಬರುತ್ತದೆ. ಎರಡನೆಯ ಬಗೆಯ ಲೈಟ್ ಲೆಕ್ಕ ಹಿಡಿದರೆ:

| | ಲೈಟ್ | ವೈಫೈ | ಗ್ಯಾಸ್ | ಪಾಲು | ತುಂಬಿದ್ದು | ವ್ಯತ್ಯಾಸ |
|---|---|---|---|---|---|---|
| ಬಸು | 657 | 177 | 240 | 1,074 | 2,012 | +938 |
| ಸಲೀಂ | 657 | 177 | 240 | 1,074 | 888 | −186 |
| ಮಲ್ಲು | 349 | 177 | 240 | 766 | 708 | −58 |
| ವಿಠ್ಠಲ | 349 | 177 | 168 | 694 | 0 | −694 |

ಕೊನೆಯ ಕಾಲಮ್ಮಿನ ಕೂಡು ಸೊನ್ನೆ ಬರಲೇಬೇಕು. ಒಂದೆರಡು ರೂಪಾಯಿ ಉಳಿದರೆ ಪೈಸೆ ತಿದ್ದಿದ್ದರಿಂದ ಆಗಿದ್ದು, ಬಿಟ್ಟುಬಿಡಿ. ಹತ್ತಾರು ರೂಪಾಯಿ ಉಳಿದರೆ ಎಲ್ಲೋ ಒಂದು ಬಿಲ್ ಒಬ್ಬರಿಗೆ ಬಿಟ್ಟುಹೋಗಿದೆ ಅಥವಾ ಎರಡು ಸಲ ಬಿದ್ದಿದೆ. ಕಳಿಸುವ ಮುಂಚೆ ಹುಡುಕಿ. ಈಗ ಬಸುಗೆ ಮೂವರಿಂದ ಮೂರು ಪಾವತಿ, ಮುಗಿಯಿತು.

ಗ್ರೂಪಿನ ಸಂದೇಶ

ಬಿಲ್ಲಿನ ಫೋಟೊ, ಹಿಂದಿನ ಮತ್ತು ಈಗಿನ ರೀಡಿಂಗು, ಎಸಿ ಯೂನಿಟ್, ಪ್ರತಿಯೊಬ್ಬರ ಕೊನೆಯ ಮೊತ್ತ, ಕೊಡುವ ತಾರೀಖು ಒಂದೇ ಸಂದೇಶದಲ್ಲಿ ಇರಲಿ. ಬಿಡಿಬಿಡಿಯಾಗಿ ಆರು ಸಂದೇಶ ಹಾಕಿದರೆ ನಡುವೆ ಒಂದು ಮೀಮ್ ಬರುತ್ತದೆ, ಲೆಕ್ಕ ಮೇಲೆ ಹೋಗಿ ಕಾಣೆಯಾಗುತ್ತದೆ.

> ಏಪ್ರಿಲ್ ಲೆಕ್ಕ. ಮೂರೂ ಬಿಲ್ಲಿನ ಫೋಟೊ ಮ್ಯಾಲ ಅದಾವು.
> ಲೈಟ್ 2,012 (236 ಯೂನಿಟ್, ಎಸಿ 92). ಎಸಿದು 615 ಮುಂದಿನ ರೂಮಿಗೆ, ಉಳಿದಿದ್ದು ನಾಕೂ ಮಂದಿಗೆ.
> ವೈಫೈ 708 ಸಮಪಾಲು. ಗ್ಯಾಸ್ 888, ದಿನದ ಲೆಕ್ಕ.
> ತುಂಬಿದ್ದು ಕಳದು ಬಸುಗ ಕಳಸೂದು: ಸಲೀಂ 186, ಮಲ್ಲು 58, ವಿಠ್ಠಲ 694.
> ಲೆಕ್ಕದಾಗ ಏನರ ತಪ್ಪಿದ್ರ ನಾಳೆ ರಾತ್ರಿ ಒಳಗ ಹೇಳ್ರಿ. 7ನೇ ತಾರೀಖಿನೊಳಗ ಹಾಕ್ರಿ.
> ಮುಂದಿನ ತಿಂಗಳಿಂದ 200 ದಾಟಿದ್ರ ಹೆಚ್ಚಿಗಿ ಬಂದಿದ್ದು ಎಸಿ ರೂಮಿಗೆ. ಒಪ್ಪಿಗಿ ಇದ್ರ ಥಂಬ್ ಹಾಕ್ರಿ.

ತಪ್ಪಿದ್ದರೆ ಹೇಳಿ ಎಂದು ಒಂದು ದಿನ ಕೊಟ್ಟದ್ದು ಬರಿಯ ಮರ್ಯಾದೆಗಲ್ಲ. ಆಮೇಲೆ ರೊಕ್ಕ ಕೇಳುವಾಗ "ಲೆಕ್ಕ ನಂಗ ಒಪ್ಪಿಗಿ ಇಲ್ಲ" ಎನ್ನುವ ಮಾತು ಬರದಂತೆ ತಡೆಯುತ್ತದೆ. ಸಂದೇಶವನ್ನು 7 ದಿನಕ್ಕೆ ಪಿನ್ ಮಾಡಿ. 7ನೇ ತಾರೀಖು ಇಟ್ಟದ್ದು ಪಗಾರ ಆದ ಮೇಲೆ ಬರಲೆಂದು. ನಿಮ್ಮಲ್ಲಿ ಯಾರದಾದರೂ ಪಗಾರ 10ಕ್ಕೆ ಆಗುತ್ತಿದ್ದರೆ ಎಲ್ಲರಿಗೂ 12 ಇಡಿ, ಒಬ್ಬರಿಗೆ ಮಾತ್ರ ರಿಯಾಯಿತಿ ಎಂದು ಬರೆಯಬೇಡಿ.

ಥಂಬ್ ಹಾಕಿದ್ದು ಒಪ್ಪಿಗೆ, ಪಾವತಿಯಲ್ಲ. ರೊಕ್ಕ ಬಂದದ್ದನ್ನು ಪಡೆದವರೇ "ಮಲ್ಲು 58 ಬಂತು" ಎಂದು ಬರೆಯಬೇಕು, ಕಳಿಸಿದವರ ಸ್ಕ್ರೀನ್‌ಶಾಟ್ ಸಾಲದು. ಕಳಿಸಿದವರ ಖಾತೆಯಲ್ಲಿ ಕಡಿತವಾಗಿ ಪೆಂಡಿಂಗ್ ತೋರಿಸುತ್ತಿದ್ದರೆ ಮತ್ತೆ ಕಳಿಸಲು ಒತ್ತಾಯಿಸಬೇಡಿ. ಅದು ತಲುಪುತ್ತದೆ ಇಲ್ಲವೇ ವಾಪಸ್ ಬರುತ್ತದೆ. ಅವಸರದಲ್ಲಿ ಎರಡು ಸಲ ಕಳಿಸಿದರೆ ಇನ್ನೊಂದು ಲೆಕ್ಕ ಹುಟ್ಟುತ್ತದೆ.

ಕೊಡದವರನ್ನು ಕೇಳುವುದು

8ನೇ ತಾರೀಖು ಗ್ರೂಪಿನಲ್ಲಿ ಕೇಳಬೇಡಿ. ಖಾಸಗಿಯಾಗಿ ಒಂದೇ ಸಾಲು: "ವಿಠ್ಠಲ, 694 ಉಳದೈತಿ, ಇವತ್ತ ಆಗ್ತೈತೇನು? ಇಲ್ಲಂದ್ರ ಯಾವಾಗ ಅಂತ ಹೇಳ್ಬಿಡು." ವಯಸ್ಸಿನಲ್ಲಿ ದೊಡ್ಡವರಾದರೆ "ಅಣ್ಣಾ, 694 ಉಳದೈತಿ ನೋಡ್ರಿ" ಎಂದರೆ ಸಾಕು. ಮೊತ್ತ ಹೇಳಿ, ಕಾರಣ ಕೇಳಬೇಡಿ. ಅವರು ತಾರೀಖು ಹೇಳಿದರೆ ಆ ತಾರೀಖಿನವರೆಗೆ ಸುಮ್ಮನಿರಿ. ಹೇಳಿದ ತಾರೀಖೂ ದಾಟಿದರೆ ಅಡುಗೆಮನೆಯಲ್ಲಿ ಸಿಕ್ಕಾಗ ಬಾಯಿಯಿಂದಲೇ ಕೇಳಿ. ಬರೆದ ಎರಡನೇ ಸಂದೇಶಕ್ಕಿಂತ ಅದು ಹಗುರ. ಎರಡು ತಿಂಗಳು ಹೀಗೇ ಆದರೆ ಮುಂದಿನ ಬಿಲ್ಲನ್ನು ಅವರೇ ತುಂಬಲಿ, ಉಳಿದವರು ಅವರಿಗೆ ಕಳಿಸಲಿ. ತಾಳೆ ಅಲ್ಲೇ ಆಗಿಬಿಡುತ್ತದೆ, ಯಾರೂ ಯಾರನ್ನೂ ಕೇಳಬೇಕಾಗಿಲ್ಲ.

ಇನ್ನೂ ಸುಲಭದ ಹಾದಿ ಮುಂಗಡ. ಮನೆ ಸೇರುವಾಗಲೇ ತಲಾ 1,000 ರೂಪಾಯಿ ಒಬ್ಬರ ಬಳಿ ಕೂಡಿಸಿ, ಬಿಲ್ಲುಗಳನ್ನು ಅದರಿಂದ ತುಂಬಿ, ತಿಂಗಳ ಕೊನೆಗೆ ಖರ್ಚಾದಷ್ಟನ್ನು ಮತ್ತೆ ತುಂಬಿಸಿ. ಒಬ್ಬರು ತಡಮಾಡಿದರೂ ಬಿಲ್ ನಿಲ್ಲುವುದಿಲ್ಲ, ಬಡ್ಡಿ ಬೀಳುವುದಿಲ್ಲ.

ಒಬ್ಬರು ಮನೆ ಬಿಡುವಾಗ

ಹೋಗುವ ದಿನವೇ ಮೀಟರಿನ ಫೋಟೊ ತೆಗೆಯಿರಿ. ಬಿಲ್ ಬರಲು ಇನ್ನೂ ಇಪ್ಪತ್ತು ದಿನ ಇರಬಹುದು, ಆಗ ಹೋದವರನ್ನು ಫೋನಿನಲ್ಲಿ ಹುಡುಕುವುದು ಬೇಡ. ಅಂದಿನವರೆಗಿನ ಯೂನಿಟ್ಟಿಗೆ ಹಿಂದಿನ ಬಿಲ್ಲಿನ ದರ ಹಾಕಿ, ಅರ್ಹ ಯೂನಿಟ್ಟಿನ ಒಳಗೇ ನಿಲ್ಲುವ ಲಕ್ಷಣವಿದ್ದರೆ ಏನೂ ತೆಗೆದುಕೊಳ್ಳದೆ, ದಾಟುವಂತಿದ್ದರೆ ಅವರ ಪಾಲನ್ನು ಮುಂಗಡದಲ್ಲಿ ಹಿಡಿದು ಉಳಿದದ್ದನ್ನು ಅಂದೇ ಮರಳಿಸಿ.

ಬಹಳ ಮನೆಗಳಲ್ಲಿ ಮರೆತುಹೋಗುವುದು ಇನ್ನೊಂದಿದೆ. ಗೃಹಜ್ಯೋತಿ ಬಾಡಿಗೆದಾರರ ಆಧಾರಿನಲ್ಲೂ ನೋಂದಣಿಯಾಗುತ್ತದೆ, ಮತ್ತು ಒಂದು ಆಧಾರಿಗೆ ಒಂದೇ ಮೀಟರ್. ನಿಮ್ಮ ಮನೆಯದ್ದು ಹೋಗುವವರ ಆಧಾರಿನಲ್ಲಿದ್ದರೆ, ಅವರು ಹೊಸ ಮನೆಗೆ ಅರ್ಜಿ ಹಾಕಲು ಈ ಮೀಟರಿನಿಂದ ತಮ್ಮ ಆಧಾರನ್ನು ಬಿಡಿಸಿಕೊಳ್ಳಲೇಬೇಕು. ಬಿಡಿಸಿಕೊಂಡ ಮೇಲೆ ಇಲ್ಲಿ ಉಳಿದವರಿಗೆ ರಿಯಾಯಿತಿ ಇಲ್ಲದ ಪೂರ್ತಿ ಬಿಲ್ ಬರುತ್ತದೆ. ಸೇವಾಸಿಂಧುವಿನಲ್ಲಿ ಹಳೆಯ ಜೋಡಣೆ ತೆಗೆಯುವುದನ್ನೂ ಉಳಿಯುವವರಲ್ಲಿ ಒಬ್ಬರ ಆಧಾರಿನಲ್ಲಿ ಹೊಸದಾಗಿ ಅರ್ಜಿ ಹಾಕುವುದನ್ನೂ ಒಂದೇ ದಿನ, ಅವರು ಗಂಟುಮೂಟೆ ಕಟ್ಟುವ ಮುಂಚೆಯೇ, ಒಟ್ಟಿಗೆ ಕೂತು ಮುಗಿಸಿ. ಬಿಲ್ಲಿನ ಮೇಲಿರುವ ಖಾತೆ ಸಂಖ್ಯೆಯೂ ಬಾಡಿಗೆ ಕರಾರುಪತ್ರವೂ ಕೈಯಲ್ಲಿರಲಿ. ಕರಾರುಪತ್ರದಲ್ಲಿ ಹೋಗುವವರ ಹೆಸರು ಮಾತ್ರ ಇದ್ದರೆ ಮಾಲಕರಿಂದ ಮೊದಲೇ ಹೊಸದು ಮಾಡಿಸಿಕೊಳ್ಳುವುದು ಒಳ್ಳೆಯದು.